ಹಳೆಯ ಸಾಹೇಬರ ಹತ್ತಿರ ಲೆಟರ್ ಕೇಳಿದ್ದು

ಊರಲ್ಲಿ ಪೊಲೀಸರು ಪಂಚನಾಮೆ ಬರೆಯಲು ಬಂದಾಗ ಏನಾಗುತ್ತದೆ ಅಂತ ನೀವೆಲ್ಲ ನೋಡಿರುತ್ತೀರಿ. ಅಲ್ಲಿಯವರೆಗೆ ಕತ್ತು ಚಾಚಿ ನೋಡುತ್ತಿದ್ದ ಜನ, 'ಇಲ್ಲೊಂದು ಸಹಿ ಮಾಡ್ರಿ' ಅಂದ ಕೂಡಲೇ ಒಬ್ಬೊಬ್ಬರಾಗಿ ಜಾಗ ಖಾಲಿ ಮಾಡುತ್ತಾರೆ. ಒಬ್ಬರಿಗೆ ಎಮ್ಮೆಗೆ ನೀರು ಕುಡಿಸುವುದು ನೆನಪಾಗುತ್ತದೆ, ಇನ್ನೊಬ್ಬರಿಗೆ ಬಸ್ಸಿನ ಟೈಮು. ಅವರೇನು ಕೆಟ್ಟವರಲ್ಲ. ಆ ಸಹಿ ನಾಳೆ ಎಲ್ಲಿಗೆ ಹೋಗುತ್ತದೆ, ಯಾವ ಕೋರ್ಟಿನ ಕಟ್ಟೆ ಹತ್ತಿಸುತ್ತದೆ ಅನ್ನುವುದು ಗೊತ್ತಿರುವುದಿಲ್ಲ, ಅಷ್ಟೇ.

ಹಳೆಯ ಬ್ಯೂರೋ ಮುಖ್ಯಸ್ಥರ ಹತ್ತಿರ ನಾವು ಮೊದಲ ಸಲ ಲೆಟರ್ ಕೇಳಿದಾಗ ಅವರೂ ಹೀಗೆಯೇ ಜಾಗ ಖಾಲಿ ಮಾಡಿದರು. ಅದು ನಮಗೆ ಅರ್ಥವಾಗಲು ಮೂರು ವರ್ಷ ಹಿಡಿಯಿತು. (ನಾವು ಅಂದರೆ ಒಬ್ಬರೇ. ನಮ್ಮ ಕಡೆ ಹಾಗೆ ಮಾತಾಡುವ ರೂಢಿ. ಹತ್ತು ಮಂದಿ ಸ್ಟ್ರಿಂಗರ್‌ಗಳ ಕಥೆಯೂ ಇದೇ ಆಗಿರುವುದರಿಂದ ಅದು ತಪ್ಪೂ ಅಲ್ಲ.)

2014ರಿಂದ 2020ರವರೆಗೆ ನಾವು ಗದಗ ಜಿಲ್ಲೆಯಿಂದ ಒಂದು ದಿನಪತ್ರಿಕೆಗೆ ಸುದ್ದಿ ಕಳಿಸುತ್ತಿದ್ದೆವು. ಆ ಆರು ವರ್ಷ ನಮ್ಮ ಸುದ್ದಿ ತಿದ್ದಿದವರು, ಬೈದವರು, ರಾತ್ರಿ ಹತ್ತಕ್ಕೆ ಫೋನ್ ಮಾಡಿ 'ಆ ಹೆಸರಿನ ಕಾಗುಣಿತ ಸರಿ ಐತೇನು' ಅಂತ ಕೇಳಿದವರು ಒಬ್ಬರೇ ಸಾಹೇಬರು. 2020ರಲ್ಲಿ ಪತ್ರಿಕೆ ಪುಟ ಕಡಿಮೆ ಮಾಡಿತು, ನಮ್ಮನ್ನು ಬಿಟ್ಟಿತು. ಸಾಹೇಬರಿಗೆ ಬೇರೆ ಊರಿನ ಡೆಸ್ಕಿಗೆ ವರ್ಗವಾಯಿತು.

ಸ್ಟ್ರಿಂಗರ್ ಕೆಲಸ ಬಿಟ್ಟಾಗ ಕೈಯಲ್ಲಿ ಏನೂ ಉಳಿಯುವುದಿಲ್ಲ. ನೇಮಕಾತಿ ಆದೇಶ ಇರಲಿಲ್ಲ. ಸಂಬಳದ ಚೀಟಿ ಇರಲಿಲ್ಲ, ಯಾಕೆಂದರೆ ಅದು ಸಂಬಳವಲ್ಲ, ಗೌರವಧನ. ಬ್ಯಾಂಕ್ ಪಾಸ್‌ಬುಕ್ಕಿನಲ್ಲಿ ತಿಂಗಳಿಗೊಂದು ಸಾಲು, ಅದರಲ್ಲೂ ಕೆಲವು ತಿಂಗಳು ಖಾಲಿ. ಆರು ವರ್ಷ ದುಡಿದಿದ್ದೇವೆ ಅಂತ ಮೂರನೆಯವರಿಗೆ ತೋರಿಸಬೇಕಾದರೆ ಹಳೆಯ ಕಟಿಂಗ್‌ಗಳು ಒಂದು, ಸಾಹೇಬರ ಮಾತು ಇನ್ನೊಂದು. ಅದಕ್ಕೇ ಆ ಲೆಟರ್ ನಮಗೆ ಅಷ್ಟು ಮುಖ್ಯವಾಗಿತ್ತು.

2021ರಲ್ಲಿ ಒಂದು ಕೆಲಸಕ್ಕೆ ಅರ್ಜಿ ಹಾಕುವಾಗ 'ಹಿಂದಿನ ಮೇಲ್ವಿಚಾರಕರಿಂದ ರೆಫರೆನ್ಸ್ ಲೆಟರ್' ಅಂತ ಕೇಳಿದ್ದರು. ನಾವು ಸಾಹೇಬರಿಗೆ ವಾಟ್ಸಾಪಿನಲ್ಲಿ ಬರೆದದ್ದು ಈಗಲೂ ಹಳೆಯ ಫೋನಿನಲ್ಲಿದೆ:

'ನಮಸ್ಕಾರ ಸರ್. ಹೇಗಿದ್ದೀರಿ? ಒಂದು ರೆಫರೆನ್ಸ್ ಲೆಟರ್ ಬೇಕಿತ್ತು ಸರ್. ನಿಮ್ಮಿಂದ ಬಹಳ ಉಪಕಾರವಾಗುತ್ತೆ. ನಾಳೆ ಕೊನೆ ದಿನ. ದಯವಿಟ್ಟು.'

ಕಳಿಸಿದ ಸಮಯ ರಾತ್ರಿ 9:20. ಪತ್ರಿಕೆಯಲ್ಲಿ ಕೆಲಸ ಮಾಡಿದವರಿಗೆ ಇಷ್ಟು ಹೇಳಿದರೆ ಸಾಕು, ನಗುತ್ತಾರೆ. ಅದು ಪುಟ ಕಟ್ಟುವ ಹೊತ್ತು. ಆ ಹೊತ್ತಿನಲ್ಲಿ ಡೆಸ್ಕಿನವರು ಹೆಂಡತಿಯ ಫೋನನ್ನೇ ಎತ್ತುವುದಿಲ್ಲ. ಎರಡು ನೀಲಿ ಟಿಕ್ ಬಂದವು. ಉತ್ತರ ಬರಲಿಲ್ಲ. ಮರುದಿನ ಮಧ್ಯಾಹ್ನ ಇನ್ನೊಮ್ಮೆ 'ಸರ್' ಅಂತ ಹಾಕಿದೆವು. ಅದಕ್ಕೂ ಇಲ್ಲ. ಅರ್ಜಿ ಹೋಗಲಿಲ್ಲ.

ನಮಗೆ ಸಿಟ್ಟು ಬಂತು. ಆರು ವರ್ಷ ಬಿಸಿಲು ಮಳೆ ಅನ್ನದೆ ಬೈಕ್ ಓಡಿಸಿದ್ದಕ್ಕೆ ನಾಲ್ಕು ಸಾಲು ಬರೆಯಲಿಲ್ಲವಲ್ಲ ಅಂತ ಮನೆಯಲ್ಲಿ, ಚಹಾದ ಅಂಗಡಿಯಲ್ಲಿ, ಸಿಕ್ಕ ಗೆಳೆಯರ ಮುಂದೆ ಹೇಳಿಕೊಂಡೆವು. ಯಾರೂ ನಮ್ಮನ್ನು ತಿದ್ದಲಿಲ್ಲ. ಎಲ್ಲರ ಹತ್ತಿರವೂ ಅಂಥದೊಂದು ಕಥೆ ಇತ್ತು.

ಮನಸ್ಸು ತಿರುಗಿದ್ದು 2023ರಲ್ಲಿ. ಅಷ್ಟರಲ್ಲಿ ನಾವು ಇನ್ನೊಂದು ಪತ್ರಿಕೆಗೆ ಜಿಲ್ಲೆಯಿಂದ ಸುದ್ದಿ ಕೊಡುತ್ತಿದ್ದೆವು. ತಾಲೂಕಿನಿಂದ ಒಬ್ಬ ಹುಡುಗಿ ಒಂದೂವರೆ ವರ್ಷ ನಮಗೆ ಸುದ್ದಿ ಕಳಿಸಿ, ಆಮೇಲೆ ಬಿಟ್ಟಿದ್ದಳು. ಒಂದು ದಿನ ಅವಳ ಮೆಸೇಜ್ ಬಂತು: 'ಸರ್, ನಂಗೊಂದು ರೆಫರೆನ್ಸ್ ಲೆಟರ್ ಬೇಕ್ರಿ. ಬರದು ಕೊಡ್ರಿ ಸರ್.'

ಖುಷಿಯಿಂದ ಬರೆದುಕೊಡಬೇಕಾದವರು ನಾವು. ಒಳ್ಳೆಯ ಹುಡುಗಿ. ಆದರೂ ನಾಲ್ಕು ದಿನ ಉತ್ತರ ಕೊಡಲಿಲ್ಲ. ಮೊದಲ ದಿನ ಕುಳಿತು ಯೋಚಿಸಿದೆವು, ಅವಳು ಯಾವ ತಿಂಗಳಿಂದ ಯಾವ ತಿಂಗಳವರೆಗೆ ಕಳಿಸಿದಳು ಅಂತ ನೆನಪಾಗಲಿಲ್ಲ. ಅವಳ ಒಳ್ಳೆಯ ಸುದ್ದಿ ಯಾವುದು ಅಂತ ಹುಡುಕಿದರೆ ಬಾಲ್ಯವಿವಾಹದ ಸುದ್ದಿಯೊಂದು ಮಸುಕಾಗಿ ನೆನಪಿತ್ತು, ಅದು ಅವಳದೋ ಪಕ್ಕದ ತಾಲೂಕಿನವನದೋ ಖಾತ್ರಿಯಿಲ್ಲ. ಎರಡನೆಯ ದಿನ ಇನ್ನೊಂದು ಪ್ರಶ್ನೆ ಬಂತು. ಯಾರಿಗೆ ಈ ಲೆಟರ್? ಟೀವಿ ಚಾನೆಲ್ಲಿಗೋ, ಬಿ.ಎಡ್ ಕಾಲೇಜಿಗೋ, ಬ್ಯಾಂಕ್ ಸಾಲಕ್ಕೋ? ಒಂದೊಂದಕ್ಕೂ ಬರೆಯುವುದೇ ಬೇರೆ. ಮೂರನೆಯ ದಿನ ಸ್ವಲ್ಪ ಅಂಜಿಕೆಯೂ ಆಯಿತು. ನಾವೇ ಗೌರವಧನದವರು, ಪತ್ರಿಕೆಯ ಹೆಸರು ಹಾಕಿ ಲೆಟರ್ ಕೊಡಲು ನಮಗೇನು ಅಧಿಕಾರ? ನಾಲ್ಕನೆಯ ದಿನಕ್ಕೆ ತಡವಾಗಿದ್ದಕ್ಕೇ ನಾಚಿಕೆಯಾಗಿ, ಉತ್ತರಿಸುವುದು ಇನ್ನೂ ಕಷ್ಟವಾಯಿತು.

ಆಗ ಸಾಹೇಬರ ಎರಡು ನೀಲಿ ಟಿಕ್ ನೆನಪಾದವು.

ಅವಳಿಗೆ ಫೋನ್ ಮಾಡಿ ಎಲ್ಲ ಕೇಳಿಕೊಂಡು ಬರೆದುಕೊಟ್ಟೆವು, ಆ ಮಾತು ಬೇರೆ. ಆದರೆ ಲೆಟರ್ ಬರೆಯುವವನ ಕಡೆ ಏನೇನು ನಡೆಯುತ್ತದೆ ಅನ್ನುವುದು ಆ ನಾಲ್ಕು ದಿನದಲ್ಲಿ ತಿಳಿಯಿತು. ಕೊಡಲು ಮನಸ್ಸಿಲ್ಲ ಅಂತಲ್ಲ. ಏನು ಬರೆಯಬೇಕು ಗೊತ್ತಿಲ್ಲ, ಎಲ್ಲಿಗೆ ಹೋಗುತ್ತದೆ ಗೊತ್ತಿಲ್ಲ, ಬರೆದರೆ ತನಗೇನಾದರೂ ತೊಂದರೆಯೋ ಅದೂ ಗೊತ್ತಿಲ್ಲ. ಈ ಮೂರೂ ಗೊತ್ತಿಲ್ಲದ ಕೆಲಸವನ್ನು ಮನುಷ್ಯ ನಾಳೆಗೆ ಹಾಕುತ್ತಾನೆ. ಕೇಳಿದವನು ಅದನ್ನು ಸೊಕ್ಕು ಅಂದುಕೊಳ್ಳುತ್ತಾನೆ.

ಇಲ್ಲೊಂದು ಮಾತು ಹೇಳಬೇಕು. ನಮ್ಮ ಹಳ್ಳಿಗಳಲ್ಲಿ 'ಲೆಟರ್' ಅಂದರೆ ಎಮ್ಮೆಲ್ಲೆ ಲೆಟರ್. ಹಾಸ್ಟೆಲ್ ಸೀಟಿಗೆ, ವರ್ಗಾವಣೆಗೆ. ಅದರಲ್ಲಿ ಎಮ್ಮೆಲ್ಲೆಗೆ ನಮ್ಮ ಬಗ್ಗೆ ಏನೂ ಗೊತ್ತಿರಬೇಕಾಗಿಲ್ಲ, ಅವರ ಕುರ್ಚಿಗೆ ಇರುವ ತೂಕ ಸಾಕು. ಈ ಅಭ್ಯಾಸದಿಂದ ರೆಫರೆನ್ಸ್ ಲೆಟರ್ ಬೇಕಾದಾಗಲೂ ನಾವು ದೊಡ್ಡ ಕುರ್ಚಿ ಹುಡುಕುತ್ತೇವೆ. ನಮಗೂ ಬೆಂಗಳೂರಿನ ಸಂಪಾದಕರನ್ನೇ ಕೇಳೋಣ ಅಂತ ಮೊದಲು ಅನ್ನಿಸಿತ್ತು. ಅವರನ್ನು ನಾವು ನೋಡಿದ್ದು ಆರು ವರ್ಷದಲ್ಲಿ ಎರಡು ಸಲ, ಎರಡೂ ಸಲ ಗುಂಪಿನಲ್ಲಿ. ಅವರು ಬರೆದರೂ 'ಇವರು ನಮ್ಮ ಪತ್ರಿಕೆಯೊಂದಿಗೆ ಇದ್ದರು, ಶುಭವಾಗಲಿ' ಅನ್ನಬಹುದಿತ್ತು, ಅದಕ್ಕಿಂತ ಹೆಚ್ಚಿಲ್ಲ. ರೆಫರೆನ್ಸ್ ಲೆಟರ್ ಶಿಫಾರಸಿಗಿಂತ ಸಾಕ್ಷಿಗೆ ಹತ್ತಿರ. ಕೋರ್ಟಿನಲ್ಲಿ ಸಾಕ್ಷಿಯನ್ನು ಕೇಳುವುದು ನೀನು ಕಣ್ಣಾರೆ ಏನು ಕಂಡೆ ಅಂತ. ಹಾಗಾಗಿ ನಮ್ಮ ಕೆಲಸವನ್ನು ದಿನಾ ಕಂಡವರು ಯಾರೋ ಅವರನ್ನೇ ಕೇಳಬೇಕು. ಗಾರ್ಮೆಂಟ್ಸ್‌ನಲ್ಲಿ ಇದ್ದವರಿಗೆ ಜನರಲ್ ಮ್ಯಾನೇಜರಿಗಿಂತ ಲೈನ್ ಸೂಪರ್‌ವೈಸರ್, ಆಸ್ಪತ್ರೆಯಲ್ಲಿ ಇದ್ದವರಿಗೆ ದೊಡ್ಡ ಡಾಕ್ಟರಿಗಿಂತ ವಾರ್ಡಿನ ಹಿರಿಯ ನರ್ಸ್.

2024ರ ಆಗಸ್ಟ್ ಕೊನೆಯಲ್ಲಿ ಒಂದು ಸ್ವಯಂಸೇವಾ ಸಂಸ್ಥೆಯ ದಾಖಲೀಕರಣ ಅಧಿಕಾರಿ ಹುದ್ದೆ ಕಣ್ಣಿಗೆ ಬಿತ್ತು. ಹಳ್ಳಿಗಳಿಗೆ ಹೋಗಿ ಜನರನ್ನು ಮಾತಾಡಿಸಿ ವರದಿ ಬರೆಯುವ ಕೆಲಸ, ತಿಂಗಳ ಸಂಬಳ, ಪಿಎಫ್. ಕೊನೆಯ ದಿನ ಸೆಪ್ಟೆಂಬರ್ 20. ಮತ್ತೆ ಹಿಂದಿನ ಮೇಲ್ವಿಚಾರಕರ ಲೆಟರ್ ಕೇಳಿದ್ದರು.

ಈ ಸಲ ಕೇಳುವ ಮೊದಲು ಎರಡು ದಿನ ಮನೆಯಲ್ಲಿ ಕುಳಿತು ತಯಾರಿ ಮಾಡಿದೆವು. ಟ್ರಂಕಿನಲ್ಲಿದ್ದ ಕಟಿಂಗ್ ಫೈಲ್ ತೆಗೆದೆವು, ಮೂರರಲ್ಲಿ ಒಂದನ್ನು ಗೆದ್ದಲು ತಿಂದಿತ್ತು. ಆದರೆ ನಾವು ಸುದ್ದಿ ಕಳಿಸುತ್ತಿದ್ದುದು ಜಿಮೇಲ್‌ನಿಂದ. ಕಳಿಸಿದ ಮೇಲ್‌ಗಳ ಪಟ್ಟಿಯಲ್ಲಿ ಎಲ್ಲವೂ ದಿನಾಂಕದ ಸಮೇತ ಇದ್ದವು. ಮೊದಲ ಮೇಲ್ 2014ರ ಜೂನ್, ಕೊನೆಯದು 2020ರ ಮೇ. ನೀವು ಯಾವ ಕೆಲಸದಲ್ಲಿದ್ದರೂ ಇಂಥದೊಂದು ಗುರುತು ಎಲ್ಲೋ ಇರುತ್ತದೆ. ಪಾಸ್‌ಬುಕ್ಕು, ಹಾಜರಿ ಮೆಸೇಜು, ಗುರುತಿನ ಚೀಟಿಯ ಫೋಟೊ. ದಿನಾಂಕವನ್ನು ನೆನಪಿನಿಂದ ಹೇಳಬೇಡಿ. ನೀವು ಹೇಳಿದ ತಪ್ಪು ದಿನಾಂಕಕ್ಕೆ ಅವರು ಸಹಿ ಹಾಕಿ, ಮುಂದೆ ಅದು ನಿಮ್ಮದೇ ಬಯೊಡೇಟಾಕ್ಕೆ ತಾಳೆಯಾಗದೆ ಹೋದರೆ ಇಬ್ಬರಿಗೂ ಮುಜುಗರ.

ಸಾಹೇಬರು ಅಷ್ಟರಲ್ಲಿ ನಿವೃತ್ತರಾಗಿ ಹುಬ್ಬಳ್ಳಿಯಲ್ಲಿದ್ದರು. ಸೆಪ್ಟೆಂಬರ್ 2, ಬೆಳಿಗ್ಗೆ 11 ಗಂಟೆಗೆ ಫೋನ್ ಮಾಡಿದೆವು. ನಾಲ್ಕು ವರ್ಷದ ಮೇಲೆ ಮಾತಾಡುತ್ತಿದ್ದೇವೆ, ಮೈ ಬೆವರುತ್ತಿತ್ತು.

'ಯಾರು, ತಮ್ಮಾ? ಆರಾಮ ಅದೀಯೇನು?' ಅಂದರು. ಹಳೆಯದೇನೂ ನಡೆದೇ ಇಲ್ಲ ಅನ್ನುವ ಹಾಗೆ.

ಉಭಯಕುಶಲೋಪರಿ ಉದ್ದ ಮಾಡದೆ ವಿಷಯಕ್ಕೆ ಬಂದೆವು. ಇಂಥ ಕೆಲಸ, ಇಂಥ ದಿನ ಕಡೆ. ಆಮೇಲೆ ಬಹಳ ಯೋಚಿಸಿ ಇಟ್ಟುಕೊಂಡಿದ್ದ ಮಾತು ಹೇಳಿದೆವು: 'ಸರ್, ನಮ್ಮ ಕೆಲಸದ ಬಗ್ಗೆ ಮನಸ್ಸಿನಿಂದ ಚಲೋ ಬರಿಯಾಕ ಆಗ್ತದ ಅನ್ನಿಸಿದ್ರ ಮಾತ್ರ ಬರೀರಿ. ಆಗೂದಿಲ್ಲ ಅಂದ್ರೂ ನಡೀತದ್ರಿ, ಕೇಳಾಕ ಇನ್ನೊಬ್ಬರು ಅದಾರ.'

ಈ ಮಾತನ್ನು ಹೇಳಲು ನಮಗೆ ಕಷ್ಟವಾಗಿತ್ತು. ಇಲ್ಲ ಅನ್ನಲು ನಾವೇ ದಾರಿ ಮಾಡಿಕೊಟ್ಟ ಹಾಗಲ್ಲವೇ? ಆದರೆ ಹುಡುಗಿಯ ಲೆಟರಿನಲ್ಲಿ ನಾವು ಕಂಡದ್ದು ಅದನ್ನೇ. ಇಲ್ಲ ಅನ್ನಲು ದಾರಿಯಿಲ್ಲದವನು ಹೂಂ ಅನ್ನುವುದೂ ಇಲ್ಲ, ಸುಮ್ಮನಾಗುತ್ತಾನೆ. ಅದಕ್ಕಿಂತ ಕೆಟ್ಟದ್ದು ಇನ್ನೊಂದಿದೆ. ಮುಖದಾಕ್ಷಿಣ್ಯಕ್ಕೆ ಒಪ್ಪಿ, ಸಪ್ಪೆಯ ಮೂರು ಸಾಲು ಬರೆದು ಕೊಡುತ್ತಾನೆ. ಓದುವವರಿಗೆ ಅಂಥ ಲೆಟರ್ ಕೂಡಲೇ ತಿಳಿಯುತ್ತದೆ. 'ಕಚೇರಿಗೆ ಸಮಯಕ್ಕೆ ಸರಿಯಾಗಿ ಬರುತ್ತಿದ್ದರು, ನಡತೆ ಉತ್ತಮವಾಗಿತ್ತು' ಅಂತ ಮಾತ್ರ ಇದ್ದರೆ ಇನ್ನೇನೂ ಹೇಳಲು ಇರಲಿಲ್ಲ ಅಂತಲೇ ಅರ್ಥ.

ಸಾಹೇಬರು ಸ್ವಲ್ಪ ಹೊತ್ತು ಸುಮ್ಮನಿದ್ದರು. ಆಮೇಲೆ ಕೇಳಿದರು, 'ಆ ಲೆಟರ್ ಎಲ್ಲೆಲ್ಲಿ ತೋರಸ್ತೀ?'

ಪಂಚನಾಮೆಯ ಪ್ರಶ್ನೆ ಇದೇ. ಆ ಸಂಸ್ಥೆಗೆ ಮಾತ್ರ ಅಂತ ಹೇಳಿದೆವು.

'ಹಂಗಲ್ಲ ತಮ್ಮಾ. ನೀ ಸ್ಟಾಫ್ ಇದ್ದಿ ಅಂತ ಬರಿಯಾಕ ಬರೂದಿಲ್ಲ ನೋಡು. ನಾ ರಿಟೈರ್ಡ್ ಮನಷ್ಯಾ, ಪೇಪರಿನ ಲೆಟರ್‌ಹೆಡ್ಡೂ ನನ್ನ ಹತ್ರ ಇಲ್ಲ.'

ಇದಕ್ಕೂ ಉತ್ತರ ತಯಾರಿತ್ತು. ನಮ್ಮಂಥವರ ಲೆಟರ್ ಸಿಕ್ಕಿಬೀಳುವುದೇ ಇಲ್ಲಿ, ಅದಕ್ಕೆ ಸ್ವಲ್ಪ ಬಿಡಿಸಿ ಹೇಳುತ್ತೇವೆ. ಅನುಭವ ಪ್ರಮಾಣಪತ್ರ ಬೇರೆ, ರೆಫರೆನ್ಸ್ ಲೆಟರ್ ಬೇರೆ. ಇಂಥವರು ಇಂಥ ದಿನದಿಂದ ಇಂಥ ಹುದ್ದೆಯಲ್ಲಿದ್ದರು ಅಂತ ಹೇಳುವುದು ಕಂಪನಿಯ ಕೆಲಸ. ಅದನ್ನು ಎಚ್ಆರ್‌ನವರು ಕಂಪನಿಯ ಕಾಗದದ ಮೇಲೆ ಕೊಡಬೇಕು. ಕಂಪನಿಯ ಮಾತನ್ನು ಮ್ಯಾನೇಜರ್ ಒಬ್ಬರೇ ಆಡಲು ಬರುವುದಿಲ್ಲ, ಎಷ್ಟೋ ಕಡೆ ಹಾಗೆ ಕೊಡಬಾರದು ಅಂತ ನಿಯಮವೇ ಇರುತ್ತದೆ. ಗೌರವಧನದವರ ವಿಷಯದಲ್ಲಿ ಇನ್ನೂ ಸೂಕ್ಷ್ಮ. 'ಸಿಬ್ಬಂದಿ', 'ಉದ್ಯೋಗಿ' ಅಂತ ಒಂದು ಪದ ಬರೆದರೆ ಅದನ್ನೇ ಹಿಡಿದು ನಾಳೆ ಯಾರಾದರೂ ಕಾರ್ಮಿಕ ಇಲಾಖೆಗೆ ಹೋಗಿ ಬಾಕಿ ಕೇಳಬಹುದು ಅನ್ನುವ ಅಂಜಿಕೆ ಅವರಿಗಿರುತ್ತದೆ. ಕೇಳುವುದು ತಪ್ಪಲ್ಲ, ಆದರೆ ಆ ಜಗಳವೇ ಬೇರೆ. ಅದನ್ನೂ ಲೆಟರನ್ನೂ ಕಲಸಿದರೆ ಎರಡೂ ಕೆಡುತ್ತವೆ.

ರೆಫರೆನ್ಸ್ ಲೆಟರ್ ಒಬ್ಬ ಮನುಷ್ಯ ತಾನು ಕಂಡದ್ದನ್ನು ತನ್ನ ಹೆಸರಲ್ಲಿ ಹೇಳುವುದು. ಅದಕ್ಕೆ ಬಿಳಿ ಹಾಳೆ ಸಾಕು. ನಾವು ಹೇಳಿದೆವು: 'ಸರ್, ಸ್ಟಾಫ್ ಅಂತ ಬ್ಯಾಡ್ರಿ. ಗೌರವಧನದ ಮ್ಯಾಲೆ ಸುದ್ದಿ ಕಳಸ್ತಿದ್ದ, ಆ ಸುದ್ದಿ ನಾ ತಿದ್ದತಿದ್ದೆ ಅಂತ, ಇದ್ದದ್ದು ಇದ್ದಂಗ. ನಿಮ್ಮ ಸ್ವಂತ ಹೆಸರಲ್ಲೇ. ಆ ಸಂಸ್ಥೆದವ್ರಿಗೆ ಫೋನ್ ಮಾಡಿ ಕೇಳೇನಿ, ಲೆಟರ್‌ಹೆಡ್ ಬ್ಯಾಡ ಅಂದಾರ.'

'ಹಂಗಿದ್ರ ಬರಕೊಡ್ತೀನಿ ತಗೋ,' ಅಂದರು.

ಆಮೇಲೆ ಅವರೇ ಹಳೆಯದನ್ನು ತೆಗೆದರು. 'ಆವತ್ತ ನೀ ಕೇಳಿದಾಗ ನಾ ಕಂಪನಿ ಒಳಗಿದ್ದೆ. ಯಾರಿಗೂ ಲೆಟರ್ ಕೊಡಬ್ಯಾಡ್ರಿ ಅಂತ ಮೇಲಿಂದ ಹೇಳಿದ್ರು. ನಿನಗ ಏನು ಹೇಳಬೇಕು ತಿಳೀಲಿಲ್ಲ.' ನಾವೂ ಏನೂ ಹೇಳಲಿಲ್ಲ. ಚಹಾದ ಅಂಗಡಿಯಲ್ಲಿ ಎಷ್ಟು ಮಂದಿಯ ಮುಂದೆ ಅವರನ್ನು ಬೈದಿದ್ದೆವು ಅಂತ ಲೆಕ್ಕ ಹಾಕುತ್ತಿದ್ದೆವು.

ಅವತ್ತೇ ಸಂಜೆಯೊಳಗೆ ಒಂದು ಪುಟ ಕಳಿಸಿದೆವು. ಫೋನಿನಲ್ಲಿ ತೆರೆದರೆ ಬೆರಳಾಡಿಸದೆ ಓದುವ ಹಾಗೆ, ಮೇಲ್‌ನಲ್ಲಿಯೇ ಬರೆದದ್ದು. ಫೈಲ್ ಜೋಡಿಸಲಿಲ್ಲ. ಅದು ಹೀಗಿತ್ತು:

'ಸರ್, ಬೆಳಿಗ್ಗೆ ಹೇಳಿದ ಲೆಟರಿನ ವಿವರ.

ಹುದ್ದೆ: ದಾಖಲೀಕರಣ ಅಧಿಕಾರಿ. ಹಳ್ಳಿಗಳಲ್ಲಿ ಮಾಹಿತಿ ಸಂಗ್ರಹಿಸಿ ಕನ್ನಡದಲ್ಲಿ ವರದಿ ಬರೆಯುವುದು. ಜಾಹೀರಾತನ್ನು ಕೆಳಗೆ ಅಂಟಿಸಿದ್ದೇವೆ.

ಯಾರಿಗೆ: ಆ ಸಂಸ್ಥೆಯ ನೇಮಕಾತಿ ವಿಭಾಗ. ಬೇರೆಲ್ಲೂ ಬಳಸುವುದಿಲ್ಲ. ಬಳಸಬೇಕಾದರೆ ಮತ್ತೆ ನಿಮ್ಮನ್ನು ಕೇಳುತ್ತೇವೆ.

ಯಾವಾಗ: ಅವರ ಕೊನೆಯ ದಿನ ಸೆಪ್ಟೆಂಬರ್ 20. ನಿಮಗೆ 16ರೊಳಗೆ ಆದರೆ ಸಾಕು. 13ಕ್ಕೆ ಒಮ್ಮೆ ನೆನಪಿಸುತ್ತೇವೆ.

ಎಷ್ಟು: ಅರ್ಧ ಪುಟ. ಕನ್ನಡದಲ್ಲಿದ್ದರೆ ನಡೆಯುತ್ತದೆ ಎಂದಿದ್ದಾರೆ.

ಅವಧಿ: 2014ರ ಜೂನ್‌ನಿಂದ 2020ರ ಮೇ. ಗೌರವಧನದ ಆಧಾರದ ಮೇಲೆ.

ನಿಮಗೆ ನೆನಪಿರಬಹುದಾದ ಕೆಲಸ: ಒಂದು, 2015ರ ಜುಲೈನಿಂದ ನರಗುಂದದ ಮಹದಾಯಿ ಧರಣಿ. ವೇದಿಕೆಯ ಭಾಷಣಕ್ಕಿಂತ ಧರಣಿಗೆ ಬಂದ ರೈತರ ಹೊಲದ ಲೆಕ್ಕ ತಾ ಅಂತ ನೀವು ಹೇಳಿ, ನಾವು ಮಾಡಿದ ಸರಣಿ. ಎರಡು, 2017ರಲ್ಲಿ ರೋಣ ತಾಲೂಕಿನ ಒಂದು ಊರಿನ ಶುದ್ಧ ನೀರಿನ ಘಟಕ ಎಂಟು ತಿಂಗಳು ಕೆಟ್ಟು ನಿಂತ ಸುದ್ದಿ, ಪ್ರಕಟವಾದ ಹನ್ನೆರಡು ದಿನಕ್ಕೆ ರಿಪೇರಿಯಾಯಿತು. ಮೂರು, 2019ರ ಆಗಸ್ಟ್‌ನಲ್ಲಿ ಮಲಪ್ರಭಾ ಪ್ರವಾಹ, ಕೊಣ್ಣೂರು ಮತ್ತು ಸುತ್ತಲಿನ ಊರುಗಳಿಂದ ಒಂಬತ್ತು ದಿನ.

ಆ ಸಂಸ್ಥೆಯವರು ನಿಮಗೆ ಫೋನ್ ಮಾಡಬಹುದು. ನಿಮ್ಮ ನಂಬರ್ ಕೊಡಬಹುದೇ, ಯಾವ ಹೊತ್ತಿಗೆ ಮಾಡಿದರೆ ಅನುಕೂಲ, ದಯವಿಟ್ಟು ತಿಳಿಸಿ.'

ಇಷ್ಟೇ. ನಾವು ಶ್ರಮಜೀವಿ, ಪ್ರಾಮಾಣಿಕ, ಸಮಯಪಾಲಕ ಅಂತ ಒಂದು ಪದವನ್ನೂ ಹಾಕಲಿಲ್ಲ. ಅದನ್ನು ಹೇಳಬೇಕೋ ಬೇಡವೋ ಅನ್ನುವುದು ಅವರಿಗೆ ಬಿಟ್ಟದ್ದು. ನಮ್ಮ ಕೆಲಸ ಅವರ ನೆನಪಿಗೆ ಒಂದಿಷ್ಟು ಗೂಟ ನೆಟ್ಟು ಕೊಡುವುದು, ಹಗ್ಗ ಅವರೇ ಕಟ್ಟಿಕೊಳ್ಳುತ್ತಾರೆ. ಮೂರೇ ಕೆಲಸ ಆರಿಸಿದ್ದಕ್ಕೂ ಕಾರಣವಿತ್ತು. ನೂರು ಕಟಿಂಗ್ ಕಳಿಸಿದ್ದರೆ ಅವರು ಒಂದನ್ನೂ ಓದುತ್ತಿರಲಿಲ್ಲ. ಮೂರೂ ಆ ಹುದ್ದೆಗೆ ಬೇಕಾದ ಥರದವು, ಹಳ್ಳಿಗೆ ಹೋಗಿ ಜನರಿಂದ ಲೆಕ್ಕ ತಂದವು. ಕ್ರೈಂ ಸುದ್ದಿಯಲ್ಲಿ ನಮಗೆ ಒಳ್ಳೆಯ ಹೆಸರಿತ್ತು, ಅದನ್ನು ಬಿಟ್ಟೆವು.

ಸಾಹೇಬರು ಮರುದಿನ ಫೋನ್ ಮಾಡಿ, ನಮ್ಮ ಕಡೆ ಎಲ್ಲ ಸಾಹೇಬರೂ ಹೇಳುವ ಮಾತನ್ನೇ ಹೇಳಿದರು: 'ನೀನ ಬರಕೊಂಡ ಬಾರಲ್ಲ, ಸಹಿ ಮಾಡಿ ಕೊಡ್ತೀನಿ.'

ಇದಕ್ಕೆ ಬಹಳ ಮಂದಿ ಖುಷಿಪಡುತ್ತಾರೆ. ನಾವು ಅಂಜಿದೆವು. ಡಿಪ್ಲೊಮಾದಲ್ಲಿ ನಮ್ಮ ಜೊತೆ ಓದಿದ ಗೆಳೆಯನೊಬ್ಬ ಹೀಗೆ ಎರಡು ಲೆಟರ್ ತಾನೇ ಬರೆದು ಇಬ್ಬರ ಸಹಿ ಹಾಕಿಸಿದ್ದ. ಎರಡರಲ್ಲೂ 'ಅತ್ಯಂತ ಕ್ರಿಯಾಶೀಲ' ಅಂತ ಇತ್ತು, ಎರಡರಲ್ಲೂ ಒಂದೇ ಅಕ್ಷರತಪ್ಪು. ಸಂದರ್ಶನದಲ್ಲಿ ಎರಡೂ ಹಾಳೆಗಳನ್ನು ಪಕ್ಕಪಕ್ಕ ಇಟ್ಟು ಅವನನ್ನೇ ನೋಡಿದರಂತೆ. ಅದೂ ಅಲ್ಲದೆ ತನ್ನನ್ನು ತಾನು ಹೊಗಳಿಕೊಳ್ಳಲು ನಾಚಿ ಬರೆದದ್ದು ಸಪ್ಪೆಯಾಗುತ್ತದೆ, ನಾಚದೆ ಬರೆದದ್ದು ಸುಳ್ಳಿನ ಹಾಗೆ ಕಾಣುತ್ತದೆ.

ಬೇಡ ಅಂದರೆ ಅವರ ಕೆಲಸ ಹೆಚ್ಚಿಸಿದ ಹಾಗೆ, ಹೂಂ ಅಂದರೆ ಲೆಟರ್ ಕೆಡುತ್ತದೆ. ನಾವು ನಡುವಿನ ದಾರಿ ಹಿಡಿದೆವು. 'ಸರ್, ಮೊದಲಿನ ಎರಡು ಸಾಲು ನಾವು ಬರಿತೀವಿ. ನಿಮ್ಮ ಹೆಸರು, ನೀವು ಏನಾಗಿದ್ರಿ, ಎಲ್ಲಿಂದ ಎಲ್ಲಿಗೆ ಅಂತ. ಉಳಿದದ್ದನ್ನ ನೀವು ಫೋನಿನಾಗ ಮಾತಾಡಿ ಕಳಸ್ರಿ, ವಾಯ್ಸ್ ಮೆಸೇಜ್. ನಾವು ಟೈಪ್ ಮಾಡಿ ಕಳಸ್ತೀವಿ, ನೀವು ತಿದ್ರಿ.' ತಿದ್ದುವುದೆಂದರೆ ಅವರಿಗೆ ಪ್ರಾಣ. ಮೂವತ್ತು ವರ್ಷ ಅದನ್ನೇ ಮಾಡಿದವರು. ಬರೆ ಅಂದರೆ ಮುಂದೂಡುವ ಮನುಷ್ಯ ತಿದ್ದು ಅಂದರೆ ಕೂಡಲೇ ಕನ್ನಡಕ ಹಾಕಿಕೊಳ್ಳುತ್ತಾರೆ.

ಅವತ್ತೇ ರಾತ್ರಿ ಏಳು ನಿಮಿಷದ ವಾಯ್ಸ್ ಮೆಸೇಜ್ ಬಂತು. ಹಿಂದೆ ಟೀವಿಯ ಸದ್ದು. ನಾವು ಕೊಟ್ಟ ಮೂರರಲ್ಲಿ ನೀರಿನ ಘಟಕದ ಸುದ್ದಿ ಅವರಿಗೆ ನೆನಪೇ ಇರಲಿಲ್ಲ, ಬಿಟ್ಟರು. ಬದಲಿಗೆ ನಾವು ಮರೆತಿದ್ದ ಒಂದನ್ನು ಹೇಳಿದರು. ಪ್ರವಾಹದ ಹೊತ್ತಿನಲ್ಲಿ ಒಂದು ಊರಿನಲ್ಲಿ ಬಿದ್ದ ಮನೆಗಳು 141 ಅಂತ ನಾವು ಕಳಿಸಿದ್ದೆವಂತೆ. ಪುಟ ಹೋಗಲು ಹದಿನೈದು ನಿಮಿಷ ಇರುವಾಗ ಫೋನ್ ಮಾಡಿ, ಪಂಚಾಯಿತಿ ಪಟ್ಟಿಯಲ್ಲಿ ಕೆಲವು ಹೆಸರು ಎರಡೆರಡು ಸಲ ಬಂದಿವೆ, ಎಣಿಸಿ ನೋಡಿದರೆ 114, ತಿದ್ದಿ ಅಂತ ಬೇಡಿಕೊಂಡಿದ್ದೆವಂತೆ. 'ತಪ್ಪು ಮಾಡಿದ್ದು ಅವನ, ಹಿಡಿದದ್ದೂ ಅವನ,' ಅಂತ ವಾಯ್ಸ್ ಮೆಸೇಜಿನಲ್ಲಿ ನಕ್ಕಿದ್ದರು. ನಾವೇ ಬರೆದುಕೊಂಡಿದ್ದರೆ ಈ ಸಾಲು ಬರುತ್ತಿರಲಿಲ್ಲ. ನಮ್ಮ ತಪ್ಪನ್ನು ನಾವೇ ಯಾಕೆ ಬರೆಯುತ್ತೇವೆ?

ಒಂದನ್ನು ಅವರು ಖಡಾಖಂಡಿತವಾಗಿ ಹೊಡೆದುಹಾಕಿದರು. ಜಾಹೀರಾತಿನಲ್ಲಿ ವಿಡಿಯೊ ಬರಬೇಕು ಅಂತ ಇತ್ತು. ನಾವು ಟೈಪ್ ಮಾಡುವಾಗ 'ವಿಡಿಯೊ ಕೆಲಸದಲ್ಲಿಯೂ ಪರಿಣತಿ' ಅಂತ ಮೆಲ್ಲಗೆ ಸೇರಿಸಿದ್ದೆವು. ವಾಪಸ್ ಬಂದಾಗ ಆ ಸಾಲಿನ ಮೇಲೆ ಗೆರೆ. ಪಕ್ಕದಲ್ಲಿ 'ಇದು ನಾನು ನೋಡಿಲ್ಲ' ಅಂತ ಬರೆದಿದ್ದರು. ಮುಖ ಸಣ್ಣದಾಯಿತು. ವಿಡಿಯೊ ನಾವು ಕಲಿತದ್ದು 2021ರ ನಂತರ, ಅದಕ್ಕೆ ಈಗಿನ ಪತ್ರಿಕೆಯವರನ್ನು ಕೇಳಬೇಕಿತ್ತು. ಸಾಕ್ಷಿಗೆ ಕಾಣದ್ದನ್ನು ಹೇಳಿಕೊಟ್ಟರೆ ಇಡೀ ಸಾಕ್ಷಿ ಕೆಡುತ್ತದೆ ಅಂತ ಕೋರ್ಟ್ ವರದಿ ಮಾಡುವಾಗ ಎಷ್ಟು ಸಲ ನೋಡಿದ್ದೆವೋ, ಆದರೂ ಮಾಡಿದೆವು.

ಆಮೇಲೆ ಸಹಿಯ ಪ್ರಶ್ನೆ. ಅವರ ಮನೆಯಲ್ಲಿ ಪ್ರಿಂಟರ್ ಇಲ್ಲ. 'ಝೆರಾಕ್ಸ್ ಅಂಗಡಿಗೆ ಹೋಗಿ ಪ್ರಿಂಟ್ ತೆಗೆಸಿ, ಸಹಿ ಮಾಡಿ, ಸ್ಕ್ಯಾನ್ ಮಾಡಿಸಿ' ಅಂತ ಎಪ್ಪತ್ತರ ಹತ್ತಿರದವರಿಗೆ ಹೇಳಿದರೆ ಲೆಟರ್ ಅಲ್ಲಿಗೇ ನಿಲ್ಲುತ್ತದೆ. ಸೆಪ್ಟೆಂಬರ್ 11ಕ್ಕೆ ನಾವೇ ಎರಡು ಪ್ರತಿ ಪ್ರಿಂಟ್ ತೆಗೆಸಿ, ಗದಗಿನಿಂದ ಬಸ್ ಹಿಡಿದು ಹುಬ್ಬಳ್ಳಿಗೆ ಹೋದೆವು. ಪೆನ್ನನ್ನೂ ಒಯ್ದಿದ್ದೆವು. ಒಂದನ್ನು ಅವರಲ್ಲೇ ಬಿಟ್ಟೆವು, ಯಾರಾದರೂ ಫೋನ್ ಮಾಡಿದರೆ ನೋಡಿಕೊಂಡು ಮಾತಾಡಲಿ ಅಂತ. ದೂರದಲ್ಲಿದ್ದರೆ ಅವರ ಸ್ವಂತ ಮೇಲ್‌ನಿಂದ ನೇರವಾಗಿ ಸಂಸ್ಥೆಗೆ ಕಳಿಸಿದರೂ ನಡೆಯುತ್ತದೆಯೇ ಅಂತ ಕೇಳಬಹುದು, ಹಲವು ಕಡೆ ಒಪ್ಪುತ್ತಾರೆ. ಕೆಲವು ಫೆಲೋಶಿಪ್‌ಗಳಲ್ಲಿ ಅರ್ಜಿಯ ವೆಬ್‌ಸೈಟೇ ಅವರಿಗೆ ಒಂದು ಲಿಂಕ್ ಕಳಿಸುತ್ತದೆ, ನಾವು ಲೆಟರ್ ನೋಡುವಂತೆಯೇ ಇಲ್ಲ. ಆ ಲಿಂಕ್ ಸ್ಪ್ಯಾಮ್‌ಗೆ ಹೋಗಿ ಬೀಳುವುದು ಜಾಸ್ತಿ. ಅದಕ್ಕೇ ಅದು ಬರುವ ದಿನ, ಯಾವ ಹೆಸರಿನಿಂದ ಬರುತ್ತದೆ ಅಂತ ಮೊದಲೇ ಹೇಳಿ, ಬಂತೇ ಅಂತ ಮಾರನೆಯ ದಿನ ಕೇಳಬೇಕು. ಅವರು ಈಗ ನಿತ್ಯ ನೋಡುವ ಮೇಲ್ ಯಾವುದು ಅಂತಲೂ ಕೇಳಿಕೊಳ್ಳಿ. ಬಿಟ್ಟ ಕಂಪನಿಯ ಮೇಲ್ ಐಡಿ ಕೊಟ್ಟು ಕೂತರೆ ಲಿಂಕ್ ಗಾಳಿಗೆ ಹೋಯಿತು ಅಂತಲೇ ಲೆಕ್ಕ.

ಸಹಿ ಮಾಡುವಾಗ ಸಾಹೇಬರು ಪೂರ್ತಿ ಇನ್ನೊಮ್ಮೆ ಓದಿದರು. ಒಂದು ಅಲ್ಪವಿರಾಮ ಹಾಕಿದರು. ಹಾಕಿದ ಮೇಲೆ 'ಈಗ ಬರೋಬರಿ' ಅಂದರು. ಅಮ್ಮ ಅವಲಕ್ಕಿ ಕೊಟ್ಟರು.

ಅಕ್ಟೋಬರ್ ಮೊದಲ ವಾರ ಸಂಸ್ಥೆಯವರು ಅವರಿಗೆ ಫೋನ್ ಮಾಡಿದರು. ಇಪ್ಪತ್ತು ನಿಮಿಷ ಮಾತಾಡಿದರಂತೆ, ಹೆಚ್ಚಿನದು ಆ 141 ಮತ್ತು 114ರ ಬಗ್ಗೆಯೇ. ನಮ್ಮ ದೌರ್ಬಲ್ಯ ಏನು ಅಂತಲೂ ಕೇಳಿದ್ದಕ್ಕೆ 'ಸುದ್ದಿ ಉದ್ದ ಬರೀತಾನ' ಅಂದರಂತೆ. ನಿಜ. ಈ ಬರಹವೇ ಸಾಕ್ಷಿ.

ಕೆಲಸ ನಮಗೆ ಸಿಗಲಿಲ್ಲ. ಸಂದರ್ಶನದವರೆಗೆ ಹೋದೆವು. ಕೊನೆಗೆ ಇಬ್ಬರು ಉಳಿದಿದ್ದರು, ಎಂಎಸ್‌ಡಬ್ಲ್ಯು ಓದಿದವರನ್ನು ತೆಗೆದುಕೊಂಡರು. ಅದು ತಿಳಿದ ದಿನವೇ ಸಾಹೇಬರಿಗೆ ಫೋನ್ ಮಾಡಿ ಹೇಳಿದೆವು. ಸಿಗದಿದ್ದರೆ ಹೇಳಲು ಮನಸ್ಸಾಗುವುದಿಲ್ಲ, ನಮ್ಮ ಹುಡುಗಿಯೂ ಹೇಳಿರಲಿಲ್ಲ. ಅವಳು ಎಲ್ಲಿದ್ದಾಳೆ, ಆ ಲೆಟರ್ ಏನಾಯಿತು ಅಂತ ತಿಂಗಳುಗಟ್ಟಲೆ ಕಾದಿದ್ದೆವಾದ್ದರಿಂದ ನಾವು ಹೇಳಿದೆವು.

'ಹೋಗ್ಲಿ ಬಿಡು,' ಅಂದರು ಸಾಹೇಬರು. 'ಮುಂದ ಯಾವುದಕ್ಕರ ಹಾಕಿದ್ರ ಕೇಳು. ಲೆಟರ್ ಅದ ಐತಿ, ತಾರೀಖ ಬದಲಿ ಮಾಡೂಣು. ಆದ್ರ ಆ ಒಂದು ಹಾಳಿ ಕಳಸ್ತೀಯಲ್ಲ, ಅದನ್ನ ಮತ್ತ ಹೊಸದಾಗಿ ಕಳಸು. ನನಗ ಅಷ್ಟರಾಗ ಎಲ್ಲಾ ಮರ್ತಿರ್ತದ.'

ಮೊನ್ನೆ ಇನ್ನೊಂದಕ್ಕೆ ಅರ್ಜಿ ಹಾಕಿದೆವು. ಹಾಳೆ ಕಳಿಸಿದ್ದೇವೆ. ಈ ಸಲ ವಿಡಿಯೊ ಸಾಲು ಇಲ್ಲ.